ಅಥೆಂಟಿಕೇಟರ್ ಆ್ಯಪ್ ಮತ್ತು ಬ್ಯಾಕಪ್ ಕೋಡ್: ಫೋನ್ ಕಳೆದುಹೋದಾಗ ಏನು ಉಳಿದಿರಬೇಕು?

ಪಾಸ್‌ವರ್ಡ್‌ನ ಜೊತೆಗೆ ಎರಡನೆಯ ಹಂತವಾಗಿ ಅಥೆಂಟಿಕೇಟರ್ ಆ್ಯಪ್ ಬಳಸುವುದನ್ನು ಕಲಿಯುತ್ತಿರುವವರಿಗಾಗಿ ಈ ಟಿಪ್ಪಣಿ ಬರೆಯುತ್ತಿದ್ದೇನೆ. ಉದಾಹರಣೆಗೆ ಗೂಗಲ್ ಖಾತೆಯನ್ನೇ ತೆಗೆದುಕೊಂಡಿದ್ದೇನೆ. ಬೇರೆ ತಾಣಗಳಲ್ಲಿ ಗುಂಡಿಗಳ ಹೆಸರು ಬದಲಾದರೂ ಒಳಗಿನ ಕ್ರಮ ಬಹುತೇಕ ಇದೇ.

ಆ್ಯಪ್ ಅಳವಡಿಸುವುದು ಸುಲಭ. `myaccount.google.com` ತೆರೆದು, Security ವಿಭಾಗದಲ್ಲಿ 2-Step Verification ಒಳಗೆ Authenticator ಆರಿಸಿದರೆ ಪರದೆಯ ಮೇಲೆ ಒಂದು ಕ್ಯೂಆರ್ ಚಿತ್ರ ಮೂಡುತ್ತದೆ. ಅದನ್ನು ಆ್ಯಪ್‌ನಿಂದ ಸ್ಕ್ಯಾನ್ ಮಾಡಿ, ಆ್ಯಪ್ ತೋರಿಸುವ ಆರು ಅಂಕಿಗಳನ್ನು ತಾಣದಲ್ಲಿ ತುಂಬಿದರೆ ಜೋಡಣೆ ಮುಗಿಯಿತು.

ನನಗೆ ಬಹಳ ಹೊತ್ತು ಅರ್ಥವಾಗದೆ ಉಳಿದದ್ದು ಬೇರೆ ಪ್ರಶ್ನೆ. ಎಸ್‌ಎಂಎಸ್ ಒಟಿಪಿಯಾದರೆ ಯಾರೋ ಕಳುಹಿಸುತ್ತಾರೆ, ಫೋನಿಗೆ ಬರುತ್ತದೆ. ಆದರೆ ಈ ಆರು ಅಂಕಿಗಳು ಸಿಮ್ ತೆಗೆದರೂ, ಇಂಟರ್‌ನೆಟ್ ನಿಲ್ಲಿಸಿದರೂ ಬದಲಾಗುತ್ತಲೇ ಇರುತ್ತವೆ. ಹಾಗಾದರೆ ಅವು ಬರುವುದು ಎಲ್ಲಿಂದ? ಉತ್ತರ ಆ ಕ್ಯೂಆರ್ ಚಿತ್ರದ ಒಳಗಿದೆ. ಅದನ್ನು ಬಿಡಿಸಿದರೆ ಸಿಗುವುದು ಹೀಗೊಂದು ಸಾಲು:

```
otpauth://totp/Udaharane:me@example.com?secret=JBSWY3DPEHPK3PXP&issuer=Udaharane
```

ಇದರಲ್ಲಿ `secret=` ಎಂಬುದರ ಮುಂದಿರುವುದೇ ಗುಪ್ತ ಕೀ. ಅದರ ಒಂದು ಪ್ರತಿ ತಾಣದ ಸರ್ವರ್‌ನಲ್ಲಿರುತ್ತದೆ, ಇನ್ನೊಂದು ಪ್ರತಿ ಸ್ಕ್ಯಾನ್ ಮಾಡಿದ ಕ್ಷಣದಲ್ಲಿ ನಮ್ಮ ಆ್ಯಪ್‌ಗೆ ಸೇರುತ್ತದೆ. ಆಮೇಲೆ ಎರಡೂ ಕಡೆಯವರು ಪರಸ್ಪರ ಮಾತನಾಡದೆಯೇ, ಆ ಕೀ ಮತ್ತು ಆ ಹೊತ್ತಿನ ಸಮಯ ಎರಡನ್ನೂ ಸೇರಿಸಿ ಒಂದೇ ಲೆಕ್ಕ ಮಾಡುತ್ತಾರೆ. ಉತ್ತರ ಒಂದೇ ಆಗಿರುವುದರಿಂದ ಬಾಗಿಲು ತೆರೆಯುತ್ತದೆ. 2011ರಲ್ಲಿ RFC 6238 ಎಂಬ ತಾಂತ್ರಿಕ ದಾಖಲೆಯಾಗಿ ಪ್ರಕಟವಾದ ಈ ವಿಧಾನಕ್ಕೆ ಟಿಒಟಿಪಿ ಎನ್ನುತ್ತಾರೆ.

ಸಮಯದ ಭಾಗವನ್ನು ಒಂದು ಲೆಕ್ಕದಲ್ಲೇ ನೋಡೋಣ. 1970ರ ಜನವರಿ 1ರಂದು ಗ್ರೀನಿಚ್ ಕಾಲಮಾನದ ಮಧ್ಯರಾತ್ರಿಯಿಂದ ಎಷ್ಟು ಸೆಕೆಂಡುಗಳಾದವು ಎಂಬುದನ್ನು 30ರಿಂದ ಭಾಗಿಸಿ, ಶೇಷವನ್ನು ಬಿಟ್ಟುಬಿಡಬೇಕು. 2023ರ ನವೆಂಬರ್ 15ರಂದು ಭಾರತದ ಸಮಯ ಬೆಳಗಿನ ಜಾವ 3 ಗಂಟೆ 43 ನಿಮಿಷ 20 ಸೆಕೆಂಡಿಗೆ ಆ ಎಣಿಕೆ 1700000000 ಆಗಿತ್ತು. ಭಾಗಿಸಿದರೆ ಬರುವುದು 56666666. ಅಂದು 3:43:00ರಿಂದ 3:43:29ರವರೆಗೆ ಈ ಸಂಖ್ಯೆ ಹಾಗೆಯೇ ಇತ್ತು, ಆದ್ದರಿಂದ ಆ ಅರ್ಧ ನಿಮಿಷವಿಡೀ ಕೋಡ್ ಕೂಡ ಒಂದೇ. 3:43:30ಕ್ಕೆ ಸಂಖ್ಯೆ ಒಂದು ಹೆಚ್ಚಿತು, ಕೋಡ್ ಬದಲಾಯಿತು.

ಕೋಡ್ ಸರಿಯಾಗಿ ತುಂಬಿದರೂ ತಾಣ ಒಪ್ಪದಿದ್ದಾಗ ಮೊದಲು ಗಡಿಯಾರವನ್ನು ಅನುಮಾನಿಸಬೇಕು ಎಂಬುದು ಈ ಲೆಕ್ಕದಿಂದಲೇ ತಿಳಿಯುತ್ತದೆ. ಆದರೆ ಗಡಿಯಾರ ಸರಿಯಾಗಿ ಕಾಣುತ್ತಿದ್ದೂ ತಪ್ಪಾಗಿರಬಹುದು. ಮಂಗಳೂರಿನಿಂದ ದುಬೈಗೆ ಹೋದವರೊಬ್ಬರು ಕಾಲವಲಯವನ್ನು ಭಾರತದ್ದೇ ಉಳಿಸಿಕೊಂಡು, ಮುಳ್ಳನ್ನು ಮಾತ್ರ ಕೈಯಿಂದ ಒಂದೂವರೆ ಗಂಟೆ ಹಿಂದಕ್ಕೆ ತಿರುಗಿಸಿದರು ಎನ್ನಿ. ಗೋಡೆಯ ಗಡಿಯಾರಕ್ಕೂ ಫೋನಿಗೂ ಹೊಂದಿಕೆಯಾಗುತ್ತದೆ, ಆದರೆ ಫೋನಿನ ಒಳ ಎಣಿಕೆ 5400 ಸೆಕೆಂಡು, ಅಂದರೆ 30 ಸೆಕೆಂಡಿಗೊಂದರಂತೆ 180 ಮೆಟ್ಟಿಲು ಹಿಂದೆ ಬೀಳುತ್ತದೆ. ಹೆಚ್ಚಿನ ತಾಣಗಳು ಒಂದೆರಡು ಮೆಟ್ಟಿಲಿನ ವ್ಯತ್ಯಾಸವನ್ನಷ್ಟೇ ಸಹಿಸುವುದರಿಂದ ಯಾವ ಕೋಡ್ ಕೂಡ ನಡೆಯುವುದಿಲ್ಲ. ದಿನಾಂಕ ಮತ್ತು ಸಮಯದ ಸೆಟ್ಟಿಂಗ್‌ನಲ್ಲಿ ಸಮಯ, ಕಾಲವಲಯ ಎರಡನ್ನೂ ಸ್ವಯಂಚಾಲಿತವಾಗಿಟ್ಟರೆ ಈ ತೊಂದರೆಯಿಲ್ಲ.

ಕಳೆದುಹೋಗುವುದು ನಂಬರ್ ಅಲ್ಲ, ಕೀ

ಫೋನ್ ಕಳೆದಾಗ ಅದೇ ನಂಬರಿಗೆ ಹೊಸ ಸಿಮ್ ಪಡೆದರೆ ಎಸ್‌ಎಂಎಸ್ ಒಟಿಪಿ ಮತ್ತೆ ಬರುತ್ತದೆ. ಆದರೆ ಗುಪ್ತ ಕೀ ಸಿಮ್‌ನಲ್ಲಿರಲಿಲ್ಲ, ಫೋನಿನಲ್ಲಿತ್ತು. ಹೊಸ ಫೋನಿನಲ್ಲಿ ಅದೇ ಆ್ಯಪ್ ಹಾಕಿಕೊಂಡರೆ ಒಳಗೆ ಖಾಲಿಯಾಗಿರುತ್ತದೆ. 2023ರ ಏಪ್ರಿಲ್‌ನಿಂದ ಗೂಗಲ್ ಅಥೆಂಟಿಕೇಟರ್ ಕೀಗಳನ್ನು ಗೂಗಲ್ ಖಾತೆಗೆ ಸಿಂಕ್ ಮಾಡಬಲ್ಲದು. ಇತರ ತಾಣಗಳ ಕೀಗಳಿಗೆ ಇದು ಉಪಯುಕ್ತವೇ. ಗೂಗಲ್ ಖಾತೆಯ ಸ್ವಂತ ಕೀಗೆ ಮಾತ್ರ ಇದನ್ನೇ ನಂಬಬಾರದು, ಏಕೆಂದರೆ ಖಾತೆಯೊಳಗೆ ಹೋಗಲು ಕೋಡ್ ಬೇಕು, ಕೋಡ್ ಸಿಗಬೇಕಾದರೆ ಖಾತೆಯೊಳಗೆ ಹೋಗಬೇಕು. ಬೀರುವಿನ ಕೀಲಿಯನ್ನು ಬೀರುವಿನಲ್ಲೇ ಇಟ್ಟು ಬೀಗ ಹಾಕಿದಂತೆ.

ಬ್ಯಾಕಪ್ ಕೋಡ್‌ಗಳು ಬೇಕಾಗುವುದು ಇಲ್ಲಿ. 2-Step Verification ಪುಟದಲ್ಲೇ Backup codes ಎಂಬಲ್ಲಿ ಗೂಗಲ್ ಎಂಟೆಂಟು ಅಂಕಿಗಳ 10 ಕೋಡ್‌ಗಳನ್ನು ಕೊಡುತ್ತದೆ. ಇವುಗಳನ್ನು ಆ್ಯಪ್‌ನ ಕೀಯೊಂದಿಗೆ ಬೆರೆಸಿ ಯೋಚಿಸಬಾರದು. ಇವು ಸಮಯದ ಲೆಕ್ಕದಿಂದ ಬಂದವಲ್ಲ. ಸರ್ವರ್ ಮೊದಲೇ ಗುರುತಿಟ್ಟುಕೊಂಡ ಪಟ್ಟಿ ಅಷ್ಟೇ. ಒಂದೊಂದು ಕೋಡ್ ಒಂದೇ ಸಲ ನಡೆಯುತ್ತದೆ, ಮತ್ತು ಹೊಸ ಪಟ್ಟಿ ಪಡೆದ ಕೂಡಲೇ ಹಳೆಯ ಪಟ್ಟಿಯೆಲ್ಲ ಅನೂರ್ಜಿತವಾಗುತ್ತದೆ. ಪಟ್ಟಿ ಬರೆದಿಟ್ಟ ಎರಡು ಹಾಳೆಗಳು ಮನೆಯಲ್ಲಿದ್ದರೆ ಯಾವುದು ಹೊಸದೆಂದು ತಿಳಿಯಲು ಹಾಳೆಯ ಮೇಲ್ಭಾಗದಲ್ಲಿ ದಿನಾಂಕ ಬರೆಯುವುದು ಇದಕ್ಕಾಗಿಯೇ.

ಎಲ್ಲಿಡಬೇಕು ಎಂಬುದಕ್ಕೆ ನಾನು ಒಂದೇ ಪರೀಕ್ಷೆ ಇಟ್ಟುಕೊಂಡಿದ್ದೇನೆ: ಫೋನೂ ಇಲ್ಲ, ಆ ಖಾತೆಯೂ ತೆರೆಯುತ್ತಿಲ್ಲ ಎಂದಾಗ ನನ್ನ ಕೈಗೆ ಸಿಗುತ್ತದೆಯೇ? ಪರದೆಯ ಚಿತ್ರ ತೆಗೆದಿಟ್ಟರೆ ಅದು ಫೋನಿನ ಗ್ಯಾಲರಿಯಲ್ಲೋ ಅದೇ ಖಾತೆಯ ಗೂಗಲ್ ಫೋಟೋಸ್‌ನಲ್ಲೋ ಇರುತ್ತದೆ. ಅದೇ ಖಾತೆಯ ಡ್ರೈವ್, ತನಗೇ ಕಳುಹಿಸಿಕೊಂಡ ಇಮೇಲ್ ಎಲ್ಲವೂ ಹೀಗೆಯೇ ಸೋಲುತ್ತವೆ. ಕಾಗದ ಗೆಲ್ಲುತ್ತದೆ. ಒಂದು ಪ್ರತಿಯನ್ನು ಮನೆಯ ಆಸ್ತಿಪತ್ರಗಳ ಜೊತೆಗೂ, ಇನ್ನೊಂದನ್ನು ಬೇರೆ ಮನೆಯಲ್ಲಿರುವ ನಂಬಿಕೆಯ ಬಂಧುವಿನ ಬಳಿಯೂ ಇಡಬಹುದು. ಹಾಳೆಯ ಮೇಲೆ ಪಾಸ್‌ವರ್ಡ್ ಮಾತ್ರ ಬರೆಯಬಾರದು: ಕೋಡ್ ಎರಡನೆಯ ಹಂತವನ್ನಷ್ಟೇ ದಾಟಿಸುತ್ತದೆ, ಎರಡೂ ಒಂದೇ ಹಾಳೆಯಲ್ಲಿದ್ದರೆ ಹಾಳೆ ಸಿಕ್ಕವರಿಗೆ ಖಾತೆಯೇ ಸಿಕ್ಕಂತೆ.

ಕ್ಯೂಆರ್ ಕೆಳಗಿನ Can't scan it? ಒತ್ತಿದರೆ ಗುಪ್ತ ಕೀ ಅಕ್ಷರಗಳಲ್ಲೇ ಕಾಣುತ್ತದೆ, ಅದನ್ನೂ ಬರೆದಿಡುವವರಿದ್ದಾರೆ. ಈ ಕೀಯಲ್ಲಿ ಇಂಗ್ಲಿಷ್ ಅಕ್ಷರಗಳು ಮತ್ತು 2ರಿಂದ 7ರವರೆಗಿನ ಅಂಕಿಗಳು ಮಾತ್ರ ಬರುತ್ತವೆ. ಹಾಗಾಗಿ ಸೊನ್ನೆಯೋ O ಅಕ್ಷರವೋ ಎಂಬ ಅನುಮಾನ ಬಂದರೆ ಅದು ಖಂಡಿತ ಅಕ್ಷರವೇ. ಒಂದೋ I ಅಕ್ಷರವೋ ಎಂದರೂ ಅದೇ ಉತ್ತರ. ಫೋನ್ ಕೆಟ್ಟುಹೋದಾಗ ಈ ಕೀಯನ್ನು ಹೊಸ ಫೋನಿಗೆ ತುಂಬಿದರೆ ಹಿಂದಿನ ಕೋಡ್‌ಗಳೇ ಮುಂದುವರಿಯುತ್ತವೆ. ಕಳುವಾದಾಗ ಇಷ್ಟು ಸಾಲದು, ಏಕೆಂದರೆ ಕದ್ದ ಫೋನ್ ಕೂಡ ಅವೇ ಕೋಡ್‌ಗಳನ್ನು ತೋರಿಸುತ್ತಿರುತ್ತದೆ.

ಆದ್ದರಿಂದ ಕಳುವಿನ ನಂತರದ ಕ್ರಮ ಹೀಗಿರಲಿ. ಬೇರೆ ಸಾಧನದಲ್ಲಿ ಪಾಸ್‌ವರ್ಡ್ ಕೊಟ್ಟು, ಎರಡನೆಯ ಹಂತದಲ್ಲಿ Try another way ಆರಿಸಿ, ಎಂಟಂಕಿಯ ಕೋಡ್ ತುಂಬಿ ಒಳಗೆ ಹೋಗಬೇಕು. ಬಳಸಿದ ಕೋಡ್ ಅನ್ನು ಹಾಳೆಯಲ್ಲಿ ಹೊಡೆದುಹಾಕಬೇಕು. ಸಾಧನಗಳ ಪಟ್ಟಿಯಲ್ಲಿ ಕಳೆದ ಫೋನನ್ನು ಸೈನ್ ಔಟ್ ಮಾಡಬೇಕು. ಬಳಿಕ ಅಥೆಂಟಿಕೇಟರ್ ಬದಲಿಸುವ ಆಯ್ಕೆಯಿಂದ ಹೊಸ ಕ್ಯೂಆರ್ ಪಡೆದು ಹೊಸ ಫೋನಿನಲ್ಲಿ ಸ್ಕ್ಯಾನ್ ಮಾಡಿದರೆ, ಹಳೆಯ ಕೀಯಿಂದ ಹುಟ್ಟುವ ಕೋಡ್‌ಗಳಿಗೆ ಬೆಲೆಯಿರುವುದಿಲ್ಲ. ಕಳೆದ ಫೋನಿನಲ್ಲಿ ಬ್ಯಾಕಪ್ ಕೋಡ್‌ಗಳ ಚಿತ್ರವೇನಾದರೂ ಉಳಿದಿದ್ದರೆ ಹೊಸ ಪಟ್ಟಿಯನ್ನೂ ಪಡೆದು ಎರಡೂ ಹಾಳೆಗಳನ್ನು ಬದಲಿಸಬೇಕು.

ಇಷ್ಟಾದರೂ ತೆರೆದದ್ದು ಒಂದು ಖಾತೆ ಮಾತ್ರ. ಗೂಗಲ್ ಕೊಟ್ಟ ಪಟ್ಟಿ ಗಿಟ್‌ಹಬ್‌ನಂಥ ಬೇರೆ ತಾಣದಲ್ಲಿ ನಡೆಯುವುದಿಲ್ಲ. ಅದು ತನ್ನದೇ ಪಟ್ಟಿಯನ್ನು ಕೊಡುತ್ತದೆ. ಆ್ಯಪ್ ತೆರೆದು ಅದರಲ್ಲಿರುವ ಹೆಸರುಗಳನ್ನು ಒಂದೊಂದಾಗಿ ಓದುತ್ತಾ, ಪ್ರತಿಯೊಂದಕ್ಕೂ ಕಾಗದದ ಮೇಲೆ ಕೋಡ್‌ಗಳಿವೆಯೇ ಎಂದು ಫೋನ್ ಕೈಯಲ್ಲಿರುವಾಗಲೇ ತಾಳೆ ನೋಡಬೇಕು.