ಇಮ್ಮಡಿ ಪುಲಕೇಶಿಯ ಮಕ್ಕಳು ಏನಾದರು?

ಬಾದಾಮಿಯ ಮೂರನೇ ಗುಹೆಯಲ್ಲಿ ನಿಂತಿದ್ದಾಗ ಅಣ್ಣನ ಮಗಳು ಕೇಳಿದಳು, "ಕಾಕಾ, ಪುಲಕೇಶಿಗೆ ಮಕ್ಕಳು ಇದ್ದಿಲ್ಲೇನು? ನಮ್ಮ ಪುಸ್ತಕದಾಗ ಅವನ ಕಥಿ ಮುಗಿದ ಕೂಡಲೇ ವಿಕ್ರಮಾದಿತ್ಯ ಅಂತ ಶುರು ಆಗ್ತದ."

ಇದ್ದರು. ಒಬ್ಬರಲ್ಲ, ಕನಿಷ್ಠ ನಾಲ್ಕು ಗಂಡುಮಕ್ಕಳ ಹೆಸರು ನಮಗೆ ಗೊತ್ತು. ಅವರಲ್ಲಿ ಇಬ್ಬರ ಹೆಸರು ಸಾಮಾನ್ಯವಾಗಿ ಪಾಠದಲ್ಲಿ ಬರುವುದಿಲ್ಲ. ಅದಕ್ಕೆ ಕಾರಣ ಸಾವಿರದ ಮುನ್ನೂರು ವರ್ಷ ಹಳೆಯದು. ಆದರೆ ಅದನ್ನು ಹೇಳಬೇಕಾದರೆ ನಾವು ನಿಂತಿದ್ದ ಗುಹೆಯಿಂದಲೇ ಶುರು ಮಾಡಬೇಕು.

ಆ ಗುಹೆಯಲ್ಲಿ ಶಕ ವರ್ಷ 500ರ, ಅಂದರೆ ಕ್ರಿ.ಶ. 578ರ ಒಂದು ಶಾಸನ ಇದೆ. ಗುಹೆಯನ್ನು ಮಾಡಿಸಿದವನು ಮಂಗಳೇಶ. ಆಗ ರಾಜನಾಗಿದ್ದವನು ಅವನ ಅಣ್ಣ ಕೀರ್ತಿವರ್ಮ. ಈ ಕೆಲಸದ ಪುಣ್ಯ ಅಣ್ಣನಿಗೆ ಸೇರಲಿ, ಅಣ್ಣನ ಸೇವೆ ಮಾಡಿದ ಫಲ ಮಾತ್ರ ನನಗಿರಲಿ ಎಂದು ಮಂಗಳೇಶ ಅಲ್ಲಿ ಬರೆಸಿದ್ದಾನೆ. ಓದಿದರೆ ಮನಸ್ಸು ತುಂಬಿ ಬರುತ್ತದೆ. ಆಮೇಲೆ ಅಣ್ಣ ತೀರಿಕೊಂಡ. ಮಗ ಪುಲಕೇಶಿ ಪಟ್ಟಕ್ಕೆ ಬರಲಿಲ್ಲ, ಮಂಗಳೇಶನೇ ರಾಜನಾದ. ಮುಂದಿನದನ್ನು ಐಹೊಳೆಯ ಮೇಗುತಿ ಗುಡಿಯ ಗೋಡೆ ಹೇಳುತ್ತದೆ. 634ರಲ್ಲಿ ರವಿಕೀರ್ತಿ ಬರೆದ ಶಾಸನ ಅದು. ರಾಜ್ಯವನ್ನು ತನ್ನ ಮಗನಿಗೆ ಕೊಡಬೇಕೆಂದು ಮಂಗಳೇಶ ಹೊರಟ. ಆ ಪ್ರಯತ್ನದ ಜೊತೆಗೆ ರಾಜ್ಯವನ್ನೂ ಜೀವವನ್ನೂ ಕಳೆದುಕೊಂಡ ಎಂದು ರವಿಕೀರ್ತಿ ನೇರವಾಗಿ ಹೇಳುತ್ತಾನೆ. ಆ ಮಗನ ಹೆಸರನ್ನು ಮಾತ್ರ ಅವನು ಹೇಳುವುದಿಲ್ಲ.

ಹೀಗೆ ಚಿಕ್ಕಪ್ಪನನ್ನು ಕೊಂದು ಪಟ್ಟಕ್ಕೆ ಬಂದವನು ಇಮ್ಮಡಿ ಪುಲಕೇಶಿ. ದಾಯಾದಿ ಜಗಳ ಎಂಥದು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಬಹುಶಃ ಅದಕ್ಕೇ ತಮ್ಮ ಕುಬ್ಜ ವಿಷ್ಣುವರ್ಧನನನ್ನು ದೂರದ ವೆಂಗಿಗೆ ಕಳಿಸಿ, ಅಲ್ಲಿ ಆಳಲು ಬಿಟ್ಟ. ತಮ್ಮನ ವಿಷಯದಲ್ಲಿ ಈ ಉಪಾಯ ನಡೆಯಿತು. ಮಕ್ಕಳ ವಿಷಯದಲ್ಲಿ ಏನಾದರೂ ಏರ್ಪಾಡು ಮಾಡುವಷ್ಟು ಹೊತ್ತು ಅವನಿಗೆ ಸಿಗಲಿಲ್ಲವೆಂದು ಕಾಣುತ್ತದೆ. 642ರ ಸುಮಾರಿಗೆ ಪಲ್ಲವರ ನರಸಿಂಹವರ್ಮ ಬಾದಾಮಿಗೆ ನುಗ್ಗಿದ. ಊರಿನ ಬಂಡೆಯೊಂದರ ಮೇಲೆ ಅವನ ಶಾಸನ ಮುಕ್ಕಾದ ಅಕ್ಷರಗಳಲ್ಲಿ ಇನ್ನೂ ಉಳಿದಿದೆ. ಪುಲಕೇಶಿ ಆ ಯುದ್ಧದಲ್ಲೇ ಸತ್ತಿರಬೇಕು ಎಂದು ಇತಿಹಾಸಕಾರರು ಹೇಳುತ್ತಾರೆ. ಚಾಲುಕ್ಯರ ತಾಮ್ರಪಟಗಳು ಆ ಸಾವಿನ ಬಗ್ಗೆ ಬಾಯಿ ಬಿಡುವುದಿಲ್ಲ.

ಅವನ ಮಗ ವಿಕ್ರಮಾದಿತ್ಯನ ಆಳ್ವಿಕೆ ಯಾವಾಗ ಶುರುವಾಯಿತು? ಇದನ್ನು ತಿಳಿಯುವ ಲೆಕ್ಕ ತುಂಬಾ ಚೆಂದ ಇದೆ. ಸ್ವಲ್ಪ ನಿಧಾನವಾಗಿ ನೋಡೋಣ.

ಆ ಕಾಲದ ತಾಮ್ರಪಟದಲ್ಲಿ ತಾರೀಖನ್ನು ಬರೆಯುತ್ತಿದ್ದುದು "ನಮ್ಮ ಆಳ್ವಿಕೆಯ ಇಷ್ಟನೇ ವರ್ಷ" ಎಂದು. ಅದೊಂದೇ ಇದ್ದರೆ ನಮಗೆ ಉಪಯೋಗ ಕಡಿಮೆ. ಆದರೆ ಕೆಲವೊಮ್ಮೆ ಜೊತೆಗೆ ಶಕ ವರ್ಷವನ್ನೋ, ಗ್ರಹಣವನ್ನೋ ಹೇಳುತ್ತಾರೆ. ದತ್ತಿ ಕೊಡಲು ಗ್ರಹಣದ ದಿನ ಪುಣ್ಯಕಾಲ, ಅಲ್ವಾ? ಆ ನಂಬಿಕೆಯೇ ಈಗ ನಮ್ಮ ಕೈಗೆ ಗಡಿಯಾರ ಕೊಟ್ಟಿದೆ. ಹಳೆಯ ಗ್ರಹಣಗಳ ದಿನವನ್ನು ಹಿಂದಕ್ಕೆ ಲೆಕ್ಕ ಹಾಕಿ ಕಂಡುಹಿಡಿಯಬಹುದು.

ವಿಕ್ರಮಾದಿತ್ಯನ ತಲಮಂಚಿ ತಾಮ್ರಪಟದಲ್ಲಿ ಅವನ ಆಳ್ವಿಕೆಯ 6ನೇ ವರ್ಷ, ಶ್ರಾವಣ ಮಾಸದ ಸೂರ್ಯಗ್ರಹಣ ಎಂದಿದೆ. ಅದು 660ರ ಜುಲೈ 13. ಅಂದು 6ನೇ ವರ್ಷ ನಡೆಯುತ್ತಿತ್ತು ಎಂದರೆ, ಮೊದಲನೇ ವರ್ಷ ಶುರುವಾದದ್ದು 654ರ ಜುಲೈ ಮಧ್ಯದಿಂದ 655ರ ಜುಲೈ ಮಧ್ಯದ ಒಳಗೆ. ಇನ್ನೊಂದು, ಗದ್ವಾಲ್ ತಾಮ್ರಪಟ. ಅದರಲ್ಲಿ ಶಕ 596, ಆಳ್ವಿಕೆಯ 20ನೇ ವರ್ಷ, ವೈಶಾಖ ಹುಣ್ಣಿಮೆ ಎಂದಿದೆ. ಅದು 674ರ ಏಪ್ರಿಲ್ 25. ಇದೇ ರೀತಿ ಹಿಂದಕ್ಕೆ ಎಣಿಸಿದರೆ ಮೊದಲನೇ ವರ್ಷ 654ರ ಏಪ್ರಿಲ್ ಕೊನೆಯಿಂದ 655ರ ಏಪ್ರಿಲ್ 25ರ ಒಳಗೆ ಶುರುವಾಗಿರಬೇಕು. ಈಗ ಎರಡನ್ನೂ ಒಂದರ ಮೇಲೊಂದು ಇಡಿ. ಎರಡಕ್ಕೂ ಹೊಂದುವ ಅವಧಿ 654ರ ಜುಲೈ ಮಧ್ಯದಿಂದ 655ರ ಏಪ್ರಿಲ್‌ವರೆಗೆ, ಬರೀ ಒಂಬತ್ತು ತಿಂಗಳು ಚಿಲ್ಲರೆ. ಬೇರೆ ಬೇರೆ ಊರಲ್ಲಿ, ಹದಿನಾಲ್ಕು ವರ್ಷ ಅಂತರದಲ್ಲಿ ಕೆತ್ತಿದ ಎರಡು ಪಟಗಳು ಒಂದೇ ಉತ್ತರ ಕೊಡುತ್ತವೆ. ಲೆಕ್ಕ ತಪ್ಪಿದ್ದರೆ, ಅಥವಾ ಎರಡರಲ್ಲಿ ಒಂದು ಆಮೇಲೆ ಯಾರೋ ಹುಟ್ಟಿಸಿದ ಖೊಟ್ಟಿ ಪಟವಾಗಿದ್ದರೆ, ಇವು ಹೀಗೆ ಕೂಡಿ ಬರುವುದು ಕಷ್ಟ.

ಅಪ್ಪ ಸೋತದ್ದು 642ರ ಸುಮಾರಿಗೆ. ಮಗ ತನ್ನ ವರ್ಷ ಎಣಿಸಲು ಶುರು ಮಾಡಿದ್ದು 655ರ ಸುಮಾರಿಗೆ. ನಡುವೆ ಹದಿಮೂರು ವರ್ಷ ಉಳಿಯಿತು. ಅಷ್ಟು ವರ್ಷವೂ ಪಲ್ಲವರೇ ಇದ್ದರು, ಬೇರೆ ಏನೂ ನಡೆಯಲಿಲ್ಲ ಎಂದು ಸುಮ್ನೆ ಹೇಳಿಬಿಡಬಹುದಿತ್ತು. ಆದರೆ ಕರ್ನೂಲಿನಲ್ಲಿ ಒಂದು ತಾಮ್ರಪಟ ಸಿಕ್ಕಿತು.

ಅದು ಆದಿತ್ಯವರ್ಮನದು. ಅವನು ತನ್ನನ್ನು ಪುಲಕೇಶಿಯ ಮಗ ಎಂದು ಹೇಳಿಕೊಳ್ಳುತ್ತಾನೆ. ಅಷ್ಟೇ ಅಲ್ಲ, ಪೃಥಿವೀವಲ್ಲಭ, ಮಹಾರಾಜಾಧಿರಾಜ, ಪರಮೇಶ್ವರ ಎಂದು ಅಪ್ಪನ ಬಿರುದುಗಳನ್ನೆಲ್ಲ ಇಟ್ಟುಕೊಂಡಿದ್ದಾನೆ. ತನ್ನ ತೋಳ್ಬಲದಿಂದಲೇ ಭೂಮಿಯನ್ನು ಗೆದ್ದೆ ಎನ್ನುತ್ತಾನೆ. ತಾರೀಖು, ತನ್ನ ಆಳ್ವಿಕೆಯ ಮೊದಲನೇ ವರ್ಷ. ಶಾಸನ ಓದುವವರು ಮೊದಲು ಹುಡುಕುವುದು ಇದನ್ನೇ. ಯಾರ ಆಳ್ವಿಕೆಯ ವರ್ಷ ಎಣಿಸಿದ್ದಾರೆ? ಅಧೀನದಲ್ಲಿರುವ ರಾಜಕುಮಾರ ಸಾಮಾನ್ಯವಾಗಿ ಒಡೆಯನ ವರ್ಷ ಹಾಕುತ್ತಾನೆ. ತನ್ನದೇ ವರ್ಷ ಎಣಿಸಿ, ಮಹಾರಾಜಾಧಿರಾಜ ಎಂದೂ ಕರೆದುಕೊಂಡರೆ, ನನ್ನ ಮೇಲೆ ಇನ್ನಾರೂ ಇಲ್ಲ ಎಂದು ಸಾರಿದ ಹಾಗೆ. ಈ ಪಟದಲ್ಲಿ ಶಕ ವರ್ಷ ಇಲ್ಲ. ಹಾಗಾಗಿ ಹದಿಮೂರು ವರ್ಷದಲ್ಲಿ ಯಾವ ವರ್ಷ ಎಂದು ಬೆರಳಿಟ್ಟು ತೋರಿಸಲಾಗದು. ಅಕ್ಷರದ ಆಕಾರ ನೋಡಿ ಕಾಲ ಹೇಳಬಹುದು, ಆದರೆ ಅಕ್ಷರ ಒಂದೆರಡು ವರ್ಷದಲ್ಲಿ ಬದಲಾಗುವುದಿಲ್ಲ.

ಆದಿತ್ಯವರ್ಮನ ಮಗ ಅಭಿನವಾದಿತ್ಯ. ನೆಲಕುಂದ ತಾಮ್ರಪಟದಲ್ಲಿ ಅವನಿಗೂ ಅವೇ ದೊಡ್ಡ ಬಿರುದುಗಳಿವೆ. ಅಂದರೆ ಒಂದು ಹೊತ್ತಿನಲ್ಲಿ ಆ ಕವಲು ತಾನೇ ನಿಜವಾದ ರಾಜಮನೆ ಎಂದು ಎರಡು ತಲೆಮಾರು ನಂಬಿತ್ತು. ಅಪ್ಪ ಬೇಗ ಸತ್ತು ಮಗನಿಗೆ ಪಟ್ಟ ಬಂದಿರಬೇಕು. ಆಮೇಲೆ ಅಭಿನವಾದಿತ್ಯನ ಹೆಸರೂ ಕೇಳುವುದಿಲ್ಲ.

ಮೂರನೆಯವನು ಚಂದ್ರಾದಿತ್ಯ. ಅವನ ಸ್ವಂತ ಶಾಸನ ಇಲ್ಲ. ಅವನು ನಮಗೆ ಗೊತ್ತಾಗುವುದು ಹೆಂಡತಿ ವಿಜಯಭಟ್ಟಾರಿಕೆಯಿಂದ. ನೇರೂರು, ಕೊಚರೆ ಎಂಬ ಊರುಗಳಲ್ಲಿ ಅವಳ ದತ್ತಿಯ ತಾಮ್ರಪಟಗಳು ಸಿಕ್ಕಿವೆ. ಬೆಳಗಾವಿಯಿಂದ ಘಟ್ಟ ಇಳಿದರೆ ಸಿಗುವ ಕೊಂಕಣದ ಊರುಗಳಿವು. ನೇರೂರು ಪಟದ ತಾರೀಖು "ಸ್ವರಾಜ್ಯದ ಐದನೇ ವರ್ಷ". ರಾಣಿಯೇ ದತ್ತಿ ಕೊಡುತ್ತಿದ್ದಾಳೆ, ವರ್ಷವೂ ತನ್ನ ರಾಜ್ಯದ್ದೇ. ಗಂಡ ತೀರಿಹೋಗಿ, ಚಿಕ್ಕ ಮಗನ ಪರವಾಗಿ ಅವಳು ಆಳುತ್ತಿದ್ದಳು ಎಂದು ಹಲವರು ಊಹಿಸಿದ್ದಾರೆ. ಮಗನ ಮಾತು ಊಹೆಯೇ. ಗಂಡ ಸತ್ತಿದ್ದ ಎಂಬುದು ನನಗೂ ಸರಿ ಎನ್ನಿಸುತ್ತದೆ.

ಆದರೆ ಈ ಪಟದಲ್ಲಿ ಅದಕ್ಕಿಂತ ಜಾಸ್ತಿ ನನ್ನ ಮನಸ್ಸನ್ನು ಹಿಡಿದದ್ದು ವಂಶದ ಸಾಲು. ಪುಲಕೇಶಿಯ ಹೆಸರಾದ ಮೇಲೆ ವಿಕ್ರಮಾದಿತ್ಯನನ್ನು ಹೊಗಳುತ್ತಾರೆ. ಆಮೇಲೆ ಅವನ "ಹಿರಿಯಣ್ಣ" ಚಂದ್ರಾದಿತ್ಯ ಬರುತ್ತಾನೆ, ಆಮೇಲೆ ಅವನ ಹೆಂಡತಿ. ಅಣ್ಣನ ಮನೆಯವರೇ ಬರೆಸಿದ ಪತ್ರದಲ್ಲಿ ತಮ್ಮನ ಹೆಸರು ಮುಂದೆ! ಯಾವ ಮನೆಯಲ್ಲಾದರೂ ಮದುವೆ ಕರೆಯೋಲೆಯಲ್ಲಿ ಹೀಗೆ ಅಚ್ಚಾಗಿ ಬಂದರೆ ನೆಂಟರೆಲ್ಲ ಮಾತಾಡಿಕೊಳ್ಳುತ್ತಾರೆ. ಗೆದ್ದವನು ಯಾರು ಎಂದು ಆ ಹೊತ್ತಿಗೆ ತೀರ್ಮಾನವಾಗಿತ್ತು. ಆದಿತ್ಯವರ್ಮನ ಕಡೆಯವರು ವಿಕ್ರಮಾದಿತ್ಯನ ಹೆಸರನ್ನೇ ಎತ್ತಲಿಲ್ಲ. ಚಂದ್ರಾದಿತ್ಯನ ಕಡೆಯವರು ತಮ್ಮನನ್ನು ಒಪ್ಪಿಕೊಂಡು ಉಳಿದರು.

ಇನ್ನೊಬ್ಬ ತಮ್ಮ ಧರಾಶ್ರಯ ಜಯಸಿಂಹ. ಅವನ ಕಥೆ ಸುಖವಾಗಿದೆ. ವಿಕ್ರಮಾದಿತ್ಯ ಅವನನ್ನು ಗುಜರಾತಿನ ದಕ್ಷಿಣ ಭಾಗಕ್ಕೆ ಕಳಿಸಿದ. ಅಪ್ಪ ತನ್ನ ತಮ್ಮನಿಗೆ ಮಾಡಿದ್ದನ್ನೇ ಮಗನೂ ಮಾಡಿದ. ಅಲ್ಲಿ ಸಿಕ್ಕ ಶಾಸನಗಳು ಅಣ್ಣನಿಂದಲೇ ನಮ್ಮ ಏಳಿಗೆ ಎಂದು ಹೇಳುತ್ತವೆ. ಜಯಸಿಂಹನ ಮಗನೊಬ್ಬ ಆಮೇಲೆ ಅರಬರ ದಂಡನ್ನು ತಡೆದು ಹೆಸರು ಮಾಡಿದ.

ಈಗ ವಿಕ್ರಮಾದಿತ್ಯ ತನ್ನ ಬಗ್ಗೆ ಏನು ಹೇಳಿಕೊಳ್ಳುತ್ತಾನೆ ನೋಡಿ. ಚಿತ್ರಕಂಠ ಎಂಬ ಕುದುರೆಯೊಂದನ್ನೇ ಏರಿ, ಕೈಯಲ್ಲಿ ಕತ್ತಿ ಹಿಡಿದು, "ಮೂವರು ರಾಜರು" ಮರೆಮಾಡಿದ್ದ ತಂದೆಯ ರಾಜಲಕ್ಷ್ಮಿಯನ್ನು ಮರಳಿ ಪಡೆದೆ ಎನ್ನುತ್ತಾನೆ. ಆ ಮೂರು ರಾಜ್ಯಗಳಲ್ಲಿ ಹಾಳಾಗಿದ್ದ ದೇವರ ದತ್ತಿ, ಬ್ರಾಹ್ಮಣರ ಉಂಬಳಿಗಳನ್ನು ಮತ್ತೆ ನಡೆಸಿಕೊಟ್ಟೆ ಎಂದೂ ಸೇರಿಸುತ್ತಾನೆ. ಯಾರು ಈ ಮೂವರು? ಚೋಳ, ಪಾಂಡ್ಯ, ಕೇರಳ ಎಂದು ಕೆಲವರು ಓದಿದ್ದಾರೆ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಆ ಮೂವರು ಪಲ್ಲವರ ನಾಡಿನ ಆಚೆ ಇದ್ದವರು. ಬಾದಾಮಿ ನಾಡಿನ ಗುಡಿಗಳ ಉಂಬಳಿ ನಿಲ್ಲಿಸಲು ಅವರು ಇಲ್ಲಿಗೆ ಯಾವಾಗ ಬಂದರು? ಉಂಬಳಿ ನಿಲ್ಲುವುದು ಆ ನೆಲದ ಮೇಲೆ ಹಿಡಿತ ಇದ್ದವರಿಂದ. ತನ್ನದೇ ಮನೆಯವರು ರಾಜ್ಯವನ್ನು ಹಂಚಿಕೊಂಡಿದ್ದರು, ಪಲ್ಲವರ ಪಾಲೂ ಅದರಲ್ಲಿತ್ತು ಎಂದು ಓದಿದರೆ ಮಾತು ನೆಲಕ್ಕೆ ಹತ್ತುತ್ತದೆ. ಆಳುವವನು ಬದಲಾದಾಗ ಹಿಂದಿನವನ ಉಂಬಳಿ ಕೈಬಿಡುವುದು ಸಹಜ. ವಿಕ್ರಮಾದಿತ್ಯ ಇಡೀ ರಾಜ್ಯ ಈಗ ಒಬ್ಬನ ಕೈಯಲ್ಲಿದೆ ಎಂದೂ ಒತ್ತಿ ಹೇಳುತ್ತಾನೆ. ಮೊದಲು ಹಲವರ ಕೈಯಲ್ಲಿ ಇಲ್ಲದಿದ್ದರೆ ಈ ಮಾತಿಗೆ ಏನು ಕೆಲಸ?

ಅಲ್ಲಿಂದ ಮುಂದೆ ಅವನ ಮಗ, ಮೊಮ್ಮಗ ಬರೆಸಿದ ಪಟಗಳಲ್ಲಿ ವಂಶದ ಸಾಲು ಪುಲಕೇಶಿಯಿಂದ ನೇರವಾಗಿ "ಪ್ರಿಯ ಮಗ" ವಿಕ್ರಮಾದಿತ್ಯನಿಗೆ ಹಾರುತ್ತದೆ. ಅಣ್ಣಂದಿರು ಬಿಟ್ಟುಹೋದರು. ಮಂಗಳೇಶನನ್ನೂ ಇದೇ ರೀತಿ ಬಿಟ್ಟಿದ್ದರು. ನಮ್ಮ ಪಾಠಪುಸ್ತಕದ ಸಾಲು ಅಲ್ಲಿಂದಲೇ ಬಂದದ್ದು.

ಸುಮಾರು ಮುನ್ನೂರೈವತ್ತು ವರ್ಷ ಕಳೆದ ಮೇಲೆ ಕಲ್ಯಾಣದ ಚಾಲುಕ್ಯರು ತಮ್ಮ ಹಿರಿಯರ ಕಥೆ ಬರೆಸಿದರು. 1009ರ ಕೌಠೆಂ ತಾಮ್ರಪಟದಲ್ಲಿ ಮಂಗಳೇಶ ಒಳ್ಳೆಯ ಚಿಕ್ಕಪ್ಪ. ಅಣ್ಣನ ಮಗ ಚಿಕ್ಕವನೆಂದು ರಾಜ್ಯ ನೋಡಿಕೊಂಡ, ದೊಡ್ಡವನಾದ ಮೇಲೆ ತಿರುಗಿ ಕೊಟ್ಟ, ಚಾಲುಕ್ಯ ವಂಶದವರು ಧರ್ಮದ ದಾರಿ ಬಿಡುತ್ತಾರೆಯೇ ಎಂದು ಅಲ್ಲಿ ಕೇಳಿದ್ದಾರೆ. ಮೇಗುತಿಯ ಗೋಡೆಯ ಮೇಲೆ ಇರುವುದು ಇದಕ್ಕೆ ಪೂರ್ತಿ ವಿರುದ್ಧ. ಅದೇ ಪಟದಲ್ಲಿ ಆದಿತ್ಯವರ್ಮನ ಹೆಸರೂ ಮತ್ತೆ ಬರುತ್ತದೆ, ಆದರೆ ಪುಲಕೇಶಿಯ ಮೊಮ್ಮಗನಾಗಿ, ವಿಕ್ರಮಾದಿತ್ಯನ ಅಪ್ಪನಾಗಿ. ಒಂದೇ ತಲೆಮಾರಿನ ಅಣ್ಣತಮ್ಮಂದಿರು ಅಪ್ಪ ಮಗ ಆಗಿಹೋಗಿದ್ದಾರೆ. ಕರ್ನೂಲಿನ ಪಟ ಸಿಗದೇ ಇದ್ದಿದ್ದರೆ ಈ ತಪ್ಪನ್ನು ಹಿಡಿಯುವುದು ತುಂಬಾ ಕಷ್ಟವಾಗುತ್ತಿತ್ತು. ಅದರಲ್ಲಿ ಆದಿತ್ಯವರ್ಮ ತನ್ನ ಅಪ್ಪ ಯಾರು ಎಂದು ತಾನೇ ಹೇಳಿದ್ದಾನೆ.