ಕರೆಯ ಸದ್ದು ಚೀಲದೊಳಗೆ ಹೋಗುವುದು ಯಾಕೆ?

ಫೋನ್ ರಿಂಗಾಗುತ್ತದೆ. ಎತ್ತಿ ಕಿವಿಗಿಟ್ಟರೆ ಏನೂ ಕೇಳಿಸುವುದಿಲ್ಲ. ನಾಲ್ಕು ಸಲ "ಹಲೋ" ಎಂದರೂ ಉತ್ತರವಿಲ್ಲ. ನೆಟ್‌ವರ್ಕ್ ಸರಿಯಿಲ್ಲ ಅಂದುಕೊಂಡು ಕಟ್ ಮಾಡಿ ಮತ್ತೆ ಕರೆ ಮಾಡಿದರೂ ಅದೇ ಮೌನ. ಇಂಥ ಸಂದರ್ಭದಲ್ಲಿ ಬಹಳ ಸಲ ನೆಟ್‌ವರ್ಕಿನ ತಪ್ಪೇನೂ ಇರುವುದಿಲ್ಲ. ಕರೆ ಸರಿಯಾಗಿಯೇ ಕೂಡಿಕೊಂಡಿರುತ್ತದೆ, ಆ ಕಡೆಯವರ ಮಾತೂ ಬರುತ್ತಿರುತ್ತದೆ. ಅದು ಹೊರಡುತ್ತಿರುವುದು ಮಾತ್ರ ಚೀಲದೊಳಗೆ ಬಿದ್ದಿರುವ ಇಯರ್‌ಬಡ್‌ನಿಂದ.

ನಾವು ಫೋನನ್ನು ಎಲ್ಲಿ ಹಿಡಿದಿದ್ದೇವೆ, ಕಿವಿಯಲ್ಲಿ ಏನಿದೆ ಎಂದು ನೋಡಿ ಫೋನ್ ಸದ್ದಿನ ದಾರಿ ತೀರ್ಮಾನಿಸುತ್ತದೆ ಎಂಬ ನಂಬಿಕೆ ಅನೇಕರಲ್ಲಿದೆ. ಅದು ಹಾಗೆ ಮಾಡುವುದಿಲ್ಲ. ಸದ್ಯ ತನಗೆ ಯಾವ ಯಾವ ಸಾಧನಗಳು ಕೂಡಿಕೊಂಡಿವೆ ಎಂಬ ಪಟ್ಟಿ ಅದರ ಬಳಿ ಇರುತ್ತದೆ. ಕರೆ ಶುರುವಾದಾಗ, ಸಾಧನವೊಂದು ಕೂಡಿಕೊಂಡಾಗ ಅಥವಾ ಕಳಚಿದಾಗ, ಬಳಕೆದಾರರು ಗುಂಡಿ ಒತ್ತಿದಾಗ, ಹೀಗೆ ಏನಾದರೂ ಘಟಿಸಿದಾಗಲೆಲ್ಲ ಅದು ಆ ಪಟ್ಟಿಯನ್ನು ನೋಡಿ ನಿಯಮದ ಪ್ರಕಾರ ದಾರಿ ಬದಲಿಸುತ್ತದೆ. ಆಂಡ್ರಾಯ್ಡ್ ಫೋನಿನ ಮಾಮೂಲಿ ಕರೆಯಲ್ಲಿ ನಿಯಮ ಸರಳ: ಸಕ್ರಿಯ ಬ್ಲೂಟೂತ್ ಸಾಧನವಿದ್ದರೆ ಅದಕ್ಕೆ, ವೈರ್ ಹೆಡ್‌ಸೆಟ್ ಚುಚ್ಚಿದ್ದರೆ ಅದಕ್ಕೆ, ಎರಡೂ ಇಲ್ಲದಿದ್ದರೆ ಇಯರ್‌ಪೀಸಿಗೆ, ಅಂದರೆ ಕಿವಿಗಿಡುವ ಕಡೆ ಫೋನಿನಲ್ಲೇ ಇರುವ ಸಣ್ಣ ಸ್ಪೀಕರಿಗೆ. ವಿಡಿಯೊ ಕರೆಯಾದರೆ ಇಯರ್‌ಪೀಸಿನ ಬದಲು ಸ್ಪೀಕರ್. ಬ್ಲೂಟೂತ್ ಸಾಧನಗಳು ಒಂದಕ್ಕಿಂತ ಹೆಚ್ಚು ಕೂಡಿಕೊಂಡಿದ್ದರೂ ಒಂದು ಹೊತ್ತಿಗೆ ಸಕ್ರಿಯವಾಗಿರುವುದು ಒಂದೇ, ಸಾಮಾನ್ಯವಾಗಿ ಎಲ್ಲಕ್ಕಿಂತ ಕೊನೆಗೆ ಕೂಡಿಕೊಂಡದ್ದು.

ಈಗ ಚೀಲದ ಇಯರ್‌ಬಡ್‌ಗೆ ಬರೋಣ. ಡಬ್ಬಿಯೊಳಗೆ ಇಟ್ಟ ಮೇಲೂ ಅದು ಕೂಡಿಕೊಂಡಿರುವುದು ಹೇಗೆ? ಬಡ್ ತಾನು ಡಬ್ಬಿಯಲ್ಲಿದ್ದೇನೆ ಎಂದು ತಿಳಿಯುವುದು ಮುಖ್ಯವಾಗಿ ಚಾರ್ಜಿಂಗ್ ಸಂಪರ್ಕದಿಂದ. ಬಡ್‌ನ ಪುಟ್ಟ ಲೋಹದ ಚುಕ್ಕೆ ಡಬ್ಬಿಯ ಪಿನ್ನಿಗೆ ತಾಗಿ ಕರೆಂಟ್ ಹರಿದಾಗ ಅದು ಬ್ಲೂಟೂತ್ ಬಿಟ್ಟು ಮಲಗುತ್ತದೆ. ಚುಕ್ಕೆಯ ಮೇಲೆ ಬೆವರು, ಕಿವಿಯ ಮೇಣ ಅಂಟಿದ್ದರೆ, ಮುಚ್ಚಳ ಸರಿಯಾಗಿ ಕೂತಿರದಿದ್ದರೆ, ಅಥವಾ ಡಬ್ಬಿಯ ಬ್ಯಾಟರಿಯೇ ಖಾಲಿಯಾಗಿದ್ದರೆ ಬಡ್‌ಗೆ ಆ ಸೂಚನೆ ಸಿಗುವುದಿಲ್ಲ. ತಾನಿನ್ನೂ ಹೊರಗಿದ್ದೇನೆ ಎಂದುಕೊಂಡು ಫೋನಿನ ಜೊತೆ ಕೂಡಿಕೊಂಡೇ ಇರುತ್ತದೆ. ಒಂದೇ ಬಡ್ ಹೀಗೆ ಎಚ್ಚರವಾಗಿದ್ದರೂ ಸಾಕು. ಡಬ್ಬಿಯಲ್ಲಿಟ್ಟರೂ ಒಂದು ಬಡ್ ಮಾತ್ರ ಪದೇ ಪದೇ ಚಾರ್ಜಿಲ್ಲದೆ ಸಿಗುತ್ತಿದ್ದರೆ ಕಾರಣ ಬಹುಮಟ್ಟಿಗೆ ಇದೇ.

ಕರೆ ಬಂದಾಗ ರಿಂಗ್‌ಟೋನ್ ಸಾಮಾನ್ಯವಾಗಿ ಫೋನಿನ ಸ್ಪೀಕರಿನಲ್ಲೂ ಮೊಳಗುತ್ತದೆ. ಕರೆ ತಪ್ಪಿಹೋಗಬಾರದೆಂದು ಹೀಗೆ ಮಾಡಿದ್ದಾರೆ. ಆದರೆ ಇದರಿಂದಲೇ ಬ್ಲೂಟೂತ್ ಕೂಡಿಕೊಂಡಿದೆ ಎಂಬ ಅನುಮಾನ ಬರುವುದಿಲ್ಲ. ಹಸಿರು ಗುಂಡಿ ಒತ್ತಿದ ಕ್ಷಣ ಫೋನ್ ಪಟ್ಟಿ ನೋಡುತ್ತದೆ, ಬಡ್ ಸಕ್ರಿಯವಾಗಿರುವುದು ಕಾಣುತ್ತದೆ, ಮಾತಿಗೆಂದೇ ಇರುವ ಬ್ಲೂಟೂತ್ ಕೊಂಡಿಯನ್ನು ತೆರೆಯಲು ಕೇಳುತ್ತದೆ. ಕೊಂಡಿ ತೆರೆದುಕೊಳ್ಳಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಬಡ್ ಕಿವಿಯಲ್ಲೇ ಇದ್ದಾಗಲೂ ಎಷ್ಟೋ ಸಲ ಮೊದಲ "ಹಲೋ" ಕಳೆದುಹೋಗುವುದು ಇದರಿಂದಲೇ.

ಹೀಗೆ ದಾರಿ ಬದಲಾಗುವಾಗ ಕೇಳುವ ಸದ್ದಿನ ಜೊತೆಗೆ ಮೈಕ್ ಕೂಡ ಬದಲಾಗುತ್ತದೆ. ಪತ್ತೆಗೆ ಇದೇ ಒಳ್ಳೆಯ ಸುಳಿವು. ಬಡ್‌ಗೆ ಸದ್ದು ಹೋಯಿತೆಂದರೆ ನಮ್ಮ ಮಾತನ್ನು ಹಿಡಿಯಬೇಕಾದದ್ದೂ ಬಡ್‌ನ ಮೈಕೇ. ಆದ್ದರಿಂದ ಆ ಕಡೆಯವರಿಗೂ ನಮ್ಮ ಮಾತು ಕೇಳುವುದಿಲ್ಲ, ಕೇಳಿದರೂ ದೂರದಿಂದ, ಬಟ್ಟೆ ಉಜ್ಜಿದ ಸದ್ದಿನ ನಡುವೆ ಕೇಳುತ್ತದೆ. ನಮಗೆ ಕೇಳದಿದ್ದರೂ ಅವರಿಗೆ ನಮ್ಮ ಮಾತು ಚೆನ್ನಾಗಿ ಕೇಳುತ್ತಿದ್ದರೆ ದೋಷ ಬೇರೆ ಕಡೆ ಇದೆ ಎಂದರ್ಥ: ಇಯರ್‌ಪೀಸಿನ ಜಾಲರಿಯಲ್ಲಿ ಧೂಳು ಕಟ್ಟಿರಬಹುದು, ಕರೆಯ ವಾಲ್ಯೂಮ್ ತೀರಾ ಕೆಳಗಿರಬಹುದು.

ಎರಡನೆಯ ಸುಳಿವು ಪರದೆ. ಸದ್ದು ಇಯರ್‌ಪೀಸಿನಲ್ಲಿದ್ದಾಗ ಫೋನ್ ಕಿವಿಗೆ ತಾಗುತ್ತಲೇ ಸಾಮೀಪ್ಯ ಸೆನ್ಸರ್ ಪರದೆಯನ್ನು ಆರಿಸುತ್ತದೆ. ಸ್ಪೀಕರ್, ಬ್ಲೂಟೂತ್ ಅಥವಾ ವೈರ್ ಹೆಡ್‌ಸೆಟ್‌ನಲ್ಲಿದ್ದರೆ ಫೋನ್ ಕಿವಿಯ ಬಳಿ ಇರಬೇಕಾಗಿಲ್ಲವಲ್ಲ, ಹಾಗಾಗಿ ಆಂಡ್ರಾಯ್ಡ್‌ನಲ್ಲಿ ಪರದೆ ಉರಿಯುತ್ತಲೇ ಇರುತ್ತದೆ. ಕಿವಿಗಿಟ್ಟರೂ ಪರದೆ ಆರದಿದ್ದರೆ ಸದ್ದು ಇಯರ್‌ಪೀಸಿಗೆ ಬಂದಿಲ್ಲ ಎಂದು ಊಹಿಸಬಹುದು. ಇಲ್ಲೊಂದು ಅಡ್ಡ ಪರಿಣಾಮವೂ ಇದೆ. ಉರಿಯುತ್ತಿರುವ ಪರದೆಗೆ ಕೆನ್ನೆ ತಾಗಿ ಮ್ಯೂಟ್ ಅಥವಾ ಸ್ಪೀಕರ್ ಗುಂಡಿ ಒತ್ತಿಹೋಗುತ್ತದೆ. ಮಾತಿನ ನಡುವೆ ಸ್ಪೀಕರ್ ತಾನಾಗಿಯೇ ಆನ್ ಆಗುತ್ತದೆ ಎಂಬ ದೂರುಗಳಲ್ಲಿ ಕೆಲವಕ್ಕೆ ಕಾರಣ ಕೆನ್ನೆ. ಪರದೆಯ ಮೇಲ್ಭಾಗಕ್ಕೆ ಅಂಟಿಸಿದ ಗಾಜು ಸೆನ್ಸರನ್ನು ಮುಚ್ಚಿದ್ದರೂ ಹೀಗಾಗಬಹುದು.

ಹೀಗಾದಾಗ ಕರೆ ಕತ್ತರಿಸುವ ಅಗತ್ಯವಿಲ್ಲ. ಬ್ಲೂಟೂತ್ ಸಾಧನ ಕೂಡಿಕೊಂಡಿದ್ದರೆ ಕರೆಯ ಪರದೆಯಲ್ಲಿ ಸ್ಪೀಕರ್ ಗುಂಡಿಯ ಜಾಗದಲ್ಲಿ ಅಥವಾ ಅದರ ಪಕ್ಕದಲ್ಲಿ ಬ್ಲೂಟೂತ್ ಗುರುತು ಕಾಣುತ್ತದೆ. ಅದನ್ನು ಮುಟ್ಟಿದರೆ ಹೆಸರುಗಳ ಪಟ್ಟಿ ತೆರೆಯುತ್ತದೆ, ಅದರಲ್ಲಿ ಫೋನನ್ನೇ ಆಯ್ಕೆ ಮಾಡಬೇಕು. ಪರದೆಯ ಮೇಲೆ ಎರಡು ಗುಂಡಿಗಳು ಬೇರೆಬೇರೆಯಾಗಿದ್ದರೆ ಬ್ಲೂಟೂತ್ ಗುಂಡಿಯನ್ನು ಆಫ್ ಮಾಡಿದರೆ ಸಾಕು. ಹೀಗೆ ಕೈಯಾರೆ ಆಯ್ಕೆ ಮಾಡಿದ್ದನ್ನು ಫೋನ್ ಪಾಲಿಸುತ್ತದೆ, ಆದರೆ ಮುಂದಿನ ಘಟನೆಯವರೆಗೆ ಮಾತ್ರ. ಚೀಲದ ಬಡ್ ಒಮ್ಮೆ ಕಳಚಿ ಮತ್ತೆ ಕೂಡಿಕೊಂಡರೆ ಅದು ಹೊಸ ಘಟನೆ, ಸದ್ದು ಮತ್ತೆ ಅದರ ಕಡೆಗೆ ಹೋಗಬಹುದು. ಮನೆಯೊಳಗೆ ಕರೆಯಲ್ಲಿರುವಾಗ ಹೊರಗೆ ಯಾರೋ ಕಾರು ಸ್ಟಾರ್ಟ್ ಮಾಡಿದರೆ ಮಾತು ಕಾರಿನೊಳಗೆ ಕೇಳತೊಡಗುವುದೂ ಇದೇ ನಿಯಮದಿಂದ. ಕಾರು ಈಗ ತಾನೇ ಕೂಡಿಕೊಂಡ ಸಾಧನ, ಫೋನಿನ ಲೆಕ್ಕದಲ್ಲಿ ಅದಕ್ಕೇ ಆದ್ಯತೆ. ನಿಮ್ಮ ಖಾಸಗಿ ಮಾತು ಕಾರಿನಲ್ಲಿ ಕೂತವರಿಗೆಲ್ಲ ಕೇಳುವ ಈ ನಡವಳಿಕೆ ನಿಯಮದ ಪ್ರಕಾರ ಸರಿಯಿದ್ದರೂ ಬಳಸುವವರ ದೃಷ್ಟಿಯಲ್ಲಿ ದೊಡ್ಡ ಕೊರತೆಯೇ.

ಒಂದು ಸಾಧನಕ್ಕೆ ಕರೆಯ ಸದ್ದು ಎಂದೂ ಹೋಗಬಾರದು ಎಂದಿದ್ದರೆ ಅದಕ್ಕೊಂದು ಶಾಶ್ವತ ಉಪಾಯವಿದೆ. ಬ್ಲೂಟೂತ್‌ನಲ್ಲಿ ಹಾಡಿಗೆ ಒಂದು ದಾರಿ, ಮಾತಿಗೆ ಇನ್ನೊಂದು ದಾರಿ. ಹಾಡಿನದು ಒಮ್ಮುಖ. ಗುಣಮಟ್ಟ ಚೆನ್ನಾಗಿರುತ್ತದೆ, ಸದ್ದು ಒಂದಿಷ್ಟು ತಡವಾಗಿ ತಲುಪಿದರೂ ನಡೆಯುತ್ತದೆ. ಮಾತು ಎರಡೂ ಕಡೆಗೆ ಕೂಡಲೇ ಹರಿಯಬೇಕು, ಅದಕ್ಕಾಗಿ ಗುಣಮಟ್ಟವನ್ನು ತಗ್ಗಿಸಿರುತ್ತಾರೆ. ಹಳೆಯ ಸಾಧನಗಳಲ್ಲಿ ಮಾತಿನ ಸದ್ದನ್ನು ಸೆಕೆಂಡಿಗೆ 8,000 ಸಲ ಅಳೆದು ಕಳಿಸುತ್ತಾರೆ, ಆಮೇಲೆ ಬಂದವುಗಳಲ್ಲಿ 16,000 ಸಲ. ಹಾಡು ಕೇಳುತ್ತಿದ್ದಾಗ ಕರೆ ಬಂದೊಡನೆ ದನಿ ತೆಳ್ಳಗಾಗುವುದು ಈ ದಾರಿ ಬದಲಾವಣೆಯಿಂದ. ಆಂಡ್ರಾಯ್ಡ್‌ನ ಬ್ಲೂಟೂತ್ ಸೆಟ್ಟಿಂಗ್ಸ್‌ನಲ್ಲಿ ಸಾಧನದ ಹೆಸರಿನ ಪಕ್ಕದ ಗೇರ್ ಗುರುತು ಮುಟ್ಟಿದರೆ ಈ ಎರಡು ದಾರಿಗಳಿಗೂ ಪ್ರತ್ಯೇಕ ಸ್ವಿಚ್‌ಗಳಿರುತ್ತವೆ. ಕರೆಯದ್ದಕ್ಕೆ `Phone calls` ಅಥವಾ `Calls` ಎಂಬ ಹೆಸರು. ಅದನ್ನು ಆಫ್ ಮಾಡಿದರೆ ಹಾಡು ಅಲ್ಲಿಯೇ ಬರುತ್ತದೆ, ಕರೆ ಹೋಗುವುದಿಲ್ಲ. ಇದೇ ಸ್ವಿಚ್ ಯಾವಾಗಲೋ ಆರಿಹೋಗಿದ್ದರೆ ತದ್ವಿರುದ್ಧ ತೊಂದರೆ: ಬಡ್‌ನಲ್ಲಿ ಹಾಡು ಕೇಳುತ್ತದೆ, ಕರೆ ಮಾತ್ರ ಬರುವುದಿಲ್ಲ. ಐಫೋನಿನಲ್ಲಿ `Settings`, `Accessibility`, `Touch`, `Call Audio Routing` ಎಂಬ ಕ್ರಮದಲ್ಲಿ ಹೋದರೆ ಕರೆ ಯಾವಾಗಲೂ ಹೆಡ್‌ಸೆಟ್‌ಗೇ ಹೋಗಬೇಕೆ, ಸ್ಪೀಕರಿಗೇ ಹೋಗಬೇಕೆ, ಅಥವಾ ಫೋನೇ ತೀರ್ಮಾನಿಸಬೇಕೆ ಎಂದು ಹೇಳಬಹುದು. ಹಿಂದೆಂದೋ ಅಲ್ಲಿ ಸ್ಪೀಕರನ್ನು ಆಯ್ಕೆ ಮಾಡಿ ಮರೆತಿದ್ದರೆ ಪ್ರತಿ ಕರೆಯೂ ಸ್ಪೀಕರಿನಲ್ಲೇ ಶುರುವಾಗುತ್ತದೆ.

ಇಷ್ಟು ಮಾಮೂಲಿ ಕರೆಯ ಮಾತಾಯಿತು. ಇಂಟರ್‌ನೆಟ್ ಆ್ಯಪ್‌ಗಳ ಕರೆಯಲ್ಲಿ ಜವಾಬ್ದಾರಿ ಹಂಚಿಹೋಗುತ್ತದೆ. ತಾನು ಮಾತುಕತೆಯಲ್ಲಿದ್ದೇನೆ ಎಂದು ಆ್ಯಪ್ ಆಂಡ್ರಾಯ್ಡ್‌ಗೆ ತಿಳಿಸಿ `MODE_IN_COMMUNICATION` ಎಂಬ ಸ್ಥಿತಿಗೆ ಬದಲಾಯಿಸುತ್ತದೆ, ಬೇಕಾದ ಸಾಧನವನ್ನು ತಾನೇ ಕೇಳಿ ಪಡೆಯುತ್ತದೆ. ಮುಗಿದ ಮೇಲೆ ಎರಡನ್ನೂ ಬಿಟ್ಟುಕೊಡಬೇಕಾದದ್ದೂ ಅದೇ. ಹಿಂದೆ ಒಂದು ಆ್ಯಪ್ ಸ್ಪೀಕರ್ ಆನ್ ಮಾಡಿದ್ದನ್ನು ಇನ್ನೊಂದು ಆರಿಸಿಬಿಡುವುದು ಸಾಧ್ಯವಿತ್ತು. 2021ರಲ್ಲಿ ಬಂದ ಆಂಡ್ರಾಯ್ಡ್ 12ರಿಂದ ಆ ಹಳೆಯ ವಿಧಾನದ ಬದಲು ಸಾಧನವನ್ನು ನೇರವಾಗಿ ಹೆಸರಿಸಿ ಕೇಳುವ `setCommunicationDevice` ಎಂಬ ಆದೇಶವನ್ನು ಕೊಟ್ಟಿದ್ದಾರೆ. ಆದರೂ ಆ್ಯಪ್‌ನ ಕೋಡ್‌ನಲ್ಲಿ ಬಿಟ್ಟುಕೊಡುವ ಹೆಜ್ಜೆ ತಪ್ಪಿಹೋದರೆ ಕರೆ ಮುಗಿದ ಮೇಲೂ ಫೋನ್ ಕರೆಯ ಸ್ಥಿತಿಯಲ್ಲೇ ಸಿಕ್ಕಿಕೊಳ್ಳಬಹುದು. ಆಗ ವಿಡಿಯೊ ನೋಡಲು ಹೋದರೆ ಸದ್ದು ಇಯರ್‌ಪೀಸಿನಿಂದ ಸಣ್ಣಗೆ ಬರಬಹುದು, ಅಥವಾ ಬಡ್‌ನಲ್ಲಿ ಹಾಡು ಹಳೆಯ ಟೆಲಿಫೋನಿನ ದನಿಯಂತೆ ಕೇಳಬಹುದು.

ಇದನ್ನು ಗುರುತಿಸಲು ಕರೆ ಇಲ್ಲದಿರುವಾಗ ವಾಲ್ಯೂಮ್ ಗುಂಡಿ ಒತ್ತಿ ನೋಡಿ. ಪರದೆಯಲ್ಲಿ ಹಾಡಿನ ಗುರುತಿನ ಬದಲು ಟೆಲಿಫೋನ್ ಗುರುತು ಬಂದರೆ ಯಾವುದೋ ಆ್ಯಪ್ ಕರೆಯ ಸ್ಥಿತಿಯನ್ನು ಹಿಡಿದುಕೊಂಡಿದೆ. ಕೊನೆಗೆ ಕರೆ ಮಾಡಿದ ಆ್ಯಪ್‌ನ ಮಾಹಿತಿ ಪುಟಕ್ಕೆ ಹೋಗಿ `Force stop` ಒತ್ತಿ. ಆ್ಯಪ್ ಸತ್ತಾಗ ಅದು ಹಿಡಿದಿದ್ದ ಸ್ಥಿತಿಯನ್ನು ಆಂಡ್ರಾಯ್ಡ್ ತಾನೇ ಬಿಡಿಸುತ್ತದೆ, ಹಾಗಾಗಿ ಫೋನನ್ನೇ ರೀಸ್ಟಾರ್ಟ್ ಮಾಡಬೇಕಾಗಿಲ್ಲ. ಯಾವ ಆ್ಯಪ್ ಎಂದೇ ತಿಳಿಯದಿದ್ದರೆ, ಫೋನಿನಲ್ಲಿ ಡೆವಲಪರ್ ಆಯ್ಕೆಗಳ ಯುಎಸ್‌ಬಿ ಡೀಬಗಿಂಗ್ ಆನ್ ಮಾಡಿ ಕಂಪ್ಯೂಟರಿಗೆ ಜೋಡಿಸಿ, ಅದರಲ್ಲಿ ಹಾಕಿಕೊಂಡ `adb` ಎಂಬ ಉಪಕರಣದಿಂದ ಹೀಗೆ ಕೇಳಬಹುದು:

```
adb shell dumpsys audio
```

ಉತ್ತರ ಬಹಳ ಉದ್ದವಿರುತ್ತದೆ. ಅದರಲ್ಲಿ `MODE_IN_COMMUNICATION` ಎಂದು ಹುಡುಕಿದರೆ ಯಾವ ಆ್ಯಪ್ ಯಾವಾಗ ಆ ಸ್ಥಿತಿಯನ್ನು ಕೇಳಿತು ಎಂಬ ದಾಖಲೆ ಸಿಗುತ್ತದೆ.

ಬ್ಲೂಟೂತ್ ಪೂರ್ತಿ ಆರಿಸಿ, ಆ್ಯಪ್‌ಗಳನ್ನೆಲ್ಲ ನಿಲ್ಲಿಸಿದ ಮೇಲೂ ಸದ್ದು ಇಯರ್‌ಪೀಸಿಗೆ ಬರದಿದ್ದರೆ ಚಾರ್ಜಿಂಗ್ ಅಥವಾ ಹೆಡ್‌ಫೋನ್ ತೂತನ್ನು ನೋಡಬೇಕು. ಹೆಡ್‌ಫೋನ್ ತೂತಿನೊಳಗೆ ಪ್ಲಗ್ ಬಂತೆಂದು ತಿಳಿಸುವ ಒಂದು ಸಣ್ಣ ಸಂಪರ್ಕ ಇರುತ್ತದೆ. ಅಲ್ಲಿ ನೀರು ಅಥವಾ ಜೇಬಿನ ನೂಲಿನ ಉಂಡೆ ಸೇರಿದರೆ ಏನೂ ಚುಚ್ಚದಿದ್ದರೂ ಫೋನಿಗೆ ಹೆಡ್‌ಸೆಟ್ ಇದೆಯೆಂದೇ ಅನ್ನಿಸುತ್ತದೆ, ಮೇಲಿನ ಪಟ್ಟಿಯಲ್ಲಿ ಹೆಡ್‌ಫೋನ್ ಗುರುತೂ ಕಾಣಿಸುತ್ತದೆ. ಫೋನ್ ಆಫ್ ಮಾಡಿ ತೂತನ್ನು ಕೆಳಮುಖವಾಗಿಟ್ಟು ಒಣಗಲು ಬಿಡಿ. ನೂಲಿದ್ದರೆ ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ತೆಗೆಯಿರಿ, ಪಿನ್ನು ಸೂಜಿ ಹಾಕಿದರೆ ಒಳಗಿನ ಸಂಪರ್ಕವೇ ಬಾಗಿಹೋದೀತು. ಆ ಗುರುತು ಮಾಯವಾದ ಮೇಲೆ ಒಂದು ಕರೆ ಮಾಡಿ ಫೋನನ್ನು ಕಿವಿಗಿಟ್ಟುಕೊಳ್ಳಿ. ಪರದೆ ಆರಿ, ಆ ಕಡೆಯವರಿಗೆ ನಿಮ್ಮ ಮಾತು ಕೇಳಿ, ನಿಮಗೆ ಮಾತ್ರ ಏನೂ ಕೇಳದಿದ್ದರೆ ದಾರಿ ಸರಿಯಾಗಿದೆ ಎಂದಾಯಿತು. ಆಗ ರಿಪೇರಿ ಬೇಕಿರುವುದು ಇಯರ್‌ಪೀಸಿಗೆ.