ಕಸದ ಡಬ್ಬಿಯ ಮೆಸೇಜನ್ನು ತಿದ್ದುವ ಬಗೆ

"ಡಬ್ಬಿ ತುಂಬಿ ತುಳುಕ್ತಾ ಇದೆ. ಯಾರಿಗೂ ಕಾಣ್ತಿಲ್ಲ ಅನ್ಸುತ್ತೆ. ಪರವಾಗಿಲ್ಲ, ಎಂದಿನಂತೆ ನಾನೇ ಹಾಕ್ತೀನಿ."

ಒಂದೇ ಮನೆಯಲ್ಲಿರುವ ಮೂವರು ಗೆಳತಿಯರ ಗ್ರೂಪಿಗೆ ಹೋದ ಮೆಸೇಜ್ ಇದು. ಕಳಿಸಿದವರು ಆಪ್ತ ಸಮಾಲೋಚನೆಗೆ ಬಂದಾಗ ನನಗೆ ತೋರಿಸಿದರು (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ). "ಇಷ್ಟು ಮೆತ್ತಗೆ ಹೇಳಿದ್ರೂ ಒಬ್ಬರೂ ಉತ್ತರ ಕೊಡಲಿಲ್ಲ" ಎಂಬ ಬೇಸರ ಅವರಿಗೆ.

ಉತ್ತರ ಕೊಡಲು ಅದರಲ್ಲಿ ಪ್ರಶ್ನೆಯೇ ಇಲ್ಲ. ಯಾರು ಮಾಡಬೇಕು, ಯಾವಾಗ ಮಾಡಬೇಕು ಅನ್ನುವುದೂ ಇಲ್ಲ. ಕೊನೆಗೆ "ನಾನೇ ಹಾಕ್ತೀನಿ" ಅಂದಮೇಲೆ ಕೆಲಸವೂ ಮುಗಿಯಿತು. ಉಳಿದವರ ಕೈಗೆ ಸಿಕ್ಕಿದ್ದು ಚುಚ್ಚುಮಾತು ಮಾತ್ರ. ಅದೂ ತಪ್ಪಿಲ್ಲದವರಿಗೇ ಜಾಸ್ತಿ ತಾಗುತ್ತದೆ.

ಸರದಿ ಯಾರದಿತ್ತು ಅಂತ ಕೇಳಿದೆ. ಒಬ್ಬಳದೇ. ಹಾಗಾದರೆ ಗ್ರೂಪ್ ಬೇಡ, ಅವಳಿಗೊಬ್ಬಳಿಗೇ ಬರೆಯಿರಿ ಅಂದೆ. "ಯಾರಿಗೂ", "ಎಂದಿನಂತೆ" ಎರಡನ್ನೂ ಹೊಡೆದು ಹಾಕಿದೆವು. ಇಂಥ ಪದ ಕಂಡರೆ ಓದುವವರು ಡಬ್ಬಿಯನ್ನು ಮರೆತು, ಹಿಂದೆ ತಾವು ಕಸ ಹಾಕಿದ ದಿನಗಳನ್ನು ಲೆಕ್ಕ ಹಾಕಲು ಶುರು ಮಾಡುತ್ತಾರೆ. "ಪರವಾಗಿಲ್ಲ" ಕೂಡ ಹೋಯಿತು. ಯಾಕೆಂದರೆ ಅವರಿಗೆ ನಿಜಕ್ಕೂ ಬೇಸರವಾಗಿತ್ತು, ಅಲ್ವಾ?

ಮೊದಲ ಸಲ ತಿದ್ದಿದಾಗ ಅವರು ಬರೆದದ್ದು: "ಬೇಜಾರು ಮಾಡ್ಕೋಬೇಡ, ಟೈಮ್ ಸಿಕ್ಕಾಗ ಸ್ವಲ್ಪ ಡಬ್ಬಿ ಕಡೆ ನೋಡ್ತೀಯಾ?" ಚುಚ್ಚು ಹೋಯಿತು, ಆದರೆ ಕೇಳಿದ್ದೇನು ಅಂತ ಗೊತ್ತಾಗುವುದಿಲ್ಲ. ಟೈಮ್ ಸಿಕ್ಕಾಗ ಅಂದರೆ ನಾಳಿದ್ದೂ ಆಗಬಹುದು. ಅಷ್ಟು ದಿನ ಒಳಗೊಳಗೇ ಕುದಿಯುವವರು ಇವರೇ.

ಕೊನೆಗೆ ಹೀಗಾಯಿತು: "ಈ ವಾರ ಕಸದ ಸರದಿ ನಿಂದು. ಮಂಗಳವಾರದಿಂದ ಡಬ್ಬಿ ತುಂಬಿದೆ, ಅಡುಗೆಮನೇಲಿ ವಾಸನೆ ಬರ್ತಿದೆ. ಇವತ್ತು ರಾತ್ರಿ ಮಲಗೋ ಮುಂಚೆ ಹಾಕಿ ಬರ್ತೀಯಾ? ಆಗಲ್ಲ ಅಂದ್ರೆ ಈಗಲೇ ಹೇಳು, ಸರದಿ ಬದಲಾಯಿಸಿಕೊಳ್ಳೋಣ."

ಕಣ್ಣಿಗೆ ಕಂಡದ್ದು, ಅದರಿಂದಾದ ತೊಂದರೆ, ಕೆಲಸ, ಹೊತ್ತು ಎಲ್ಲವೂ ಇದೆ. ಆದರೆ ನನಗೆ ಮುಖ್ಯ ಅನ್ನಿಸುವುದು ಕೊನೆಯ ಸಾಲು. ಕೋರಿಕೆಯೋ ಅಪ್ಪಣೆಯೋ ಅನ್ನುವುದು "ಆಗಲ್ಲ" ಎಂಬ ಉತ್ತರ ಬಂದಾಗ ಗೊತ್ತಾಗುತ್ತದೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಷಲ್ ರೋಸನ್‌ಬರ್ಗ್ ಹೇಳುತ್ತಿದ್ದರು. ಆ ಉತ್ತರಕ್ಕೆ ಮುಖ ಊದಿಸಿಕೊಂಡರೆ, ಎಷ್ಟೇ ನಯವಾಗಿ ಬರೆದಿದ್ದರೂ ಅದು ಅಪ್ಪಣೆಯೇ. ಹಾಗಾಗಿ ಸರದಿ ಬದಲಿಸಲು ನಿಜವಾಗಿಯೂ ಒಪ್ಪಿಗೆ ಇದ್ದರೆ ಮಾತ್ರ ಆ ಸಾಲು ಬರೆಯಿರಿ ಅಂದೆ. ಸುಮ್ನೆ ಚಂದಕ್ಕೆ ಸೇರಿಸಬಾರದು.

ಇದಕ್ಕೂ ಒಂದು ಮಿತಿ ಇದೆ. ಹೀಗೆ ಕೇಳಿ, ಅವರು ಒಪ್ಪಿ, ಆಮೇಲೂ ಕೆಲಸ ಮತ್ತೆ ಮತ್ತೆ ತಪ್ಪುತ್ತಿದ್ದರೆ ಇನ್ನೊಂದು ಮೆಸೇಜ್ ತಿದ್ದಿ ಪ್ರಯೋಜನವಿಲ್ಲ. ಸರದಿಯೇ ಯಾರಿಗೋ ಹೊಂದುತ್ತಿಲ್ಲ ಅಂತ ಅರ್ಥ. ಆಗ ಮೂವರೂ ಎದುರೆದುರು ಕೂತು ಯಾವ ಕೆಲಸ ಯಾರಿಗೆ ಅಂತ ಹೊಸದಾಗಿ ಹಂಚಿಕೊಳ್ಳಬೇಕು.